ರಜೆಯಲ್ಲಿಯೂ ಬಿಡದ ಚಿಂತೆ

2025ನೆಯ ಇಸವಿಯ ಮೇ ತಿಂಗಳ ಕೊನೆಯ ವಾರವನ್ನು ನಾವು ತೀರ್ಥಹಳ್ಳಿಯ ಸಮೀಪದ ಒಂದು ಹಳ್ಳಿಯಲ್ಲಿ ಕಳೆದೆವು. ಅದು ನಮ್ಮ ಪತ್ನಿಯ ತವರು. ಮನೆಯ ಮುಂದೆ ಅಡಕೆಯ ತೋಟ, ತೋಟದ ಆಚೆಗೆ ಹಳ್ಳ, ಹೊತ್ತುಹೊತ್ತಿಗೆ ಬಿಸಿ ಊಟ. ವಿಶ್ರಾಂತಿಗೆ ಇದಕ್ಕಿಂತ ಹೆಚ್ಚಿನದನ್ನು ಯಾರೂ ಬಯಸಲಾರರು. ಆದರೂ ಮೊದಲ ನಾಲ್ಕು ದಿನ ನಮ್ಮ ದೇಹ ಮಾತ್ರ ಆ ಜಗುಲಿಯಲ್ಲಿತ್ತು. ಮನಸ್ಸು ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ, ಒಂದು ಅಂಕಪಟ್ಟಿಯ ಮುಂದೆ ನಿಂತುಬಿಟ್ಟಿತ್ತು.

ಸಂಗತಿ ಇಷ್ಟೆ. ರಜೆಗೆ ಹೊರಡುವ ಹಿಂದಿನ ದಿನ ಪ್ರಾಯೋಗಿಕ ಪರೀಕ್ಷೆಯ ಕೊನೆಯ ತಂಡ ಮುಗಿದಿತ್ತು. ಅಂಕಗಳನ್ನು ಪಟ್ಟಿಗೆ ಏರಿಸುತ್ತಿರುವಾಗ ಜವಾನರು ಬಂದು, ಹೊರಗಿನಿಂದ ಬಂದಿದ್ದ ಪರೀಕ್ಷಕರ ಬಸ್ಸಿಗೆ ಹೊತ್ತಾಯಿತೆಂದು ತಿಳಿಸಿದರು. ನಾವು ತಲೆಯೆತ್ತಿ ಉತ್ತರ ಹೇಳಿ, ಮತ್ತೆ ಕೆಲಸಕ್ಕೆ ತೊಡಗಿದೆವು. ಪಟ್ಟಿ ಮುಗಿಯಿತು, ಒಂದು ಪ್ರತಿ ಮೊಹರಾದ ಲಕೋಟೆಯೊಳಕ್ಕೆ, ಇನ್ನೊಂದು ಪ್ರತಿ ವಿಭಾಗದ ಬೀರುವಿನೊಳಕ್ಕೆ ಹೋಯಿತು. ಮರುದಿನ ಶಿವಮೊಗ್ಗ ದಾಟಿದ ಮೇಲೆ ಬಸ್ಸಿನಲ್ಲಿ ಥಟ್ಟನೆ ಒಂದು ಸಂದೇಹ ಹುಟ್ಟಿತು. ಜವಾನರು ಕರೆದಾಗ ಬರೆಯುತ್ತಿದ್ದುದು 43ನೆಯ ಸಂಖ್ಯೆಯ ವಿದ್ಯಾರ್ಥಿಯ ಅಂಕ. ಅವನಿಗೆ ಸಲ್ಲಬೇಕಾದುದು 40ಕ್ಕೆ 21. ಅದನ್ನು ತಿರುವುಮುರುವಾಗಿ 12 ಎಂದು ಬರೆದುಬಿಟ್ಟೆವೆ? ತೇರ್ಗಡೆಗೆ 14 ಬೇಕು. ಹಾಗೆ ಬರೆದಿದ್ದರೆ, ಚೆನ್ನಾಗಿಯೇ ಪ್ರಯೋಗ ಮಾಡಿದ ಒಬ್ಬ ಹುಡುಗ ನಮ್ಮ ಕೈತಪ್ಪಿನಿಂದ ನಪಾಸಾಗುತ್ತಾನೆ.

ಕಾಲೇಜಿಗೆ ರಜೆ, ಬೀರುವಿನ ಬೀಗದ ಕೈ ಊರಲ್ಲಿಲ್ಲದ ಮುಖ್ಯಸ್ಥರ ಬಳಿ. ಆಗ ಮಾಡಬಹುದಾದುದು ಏನೂ ಇರಲಿಲ್ಲ. ಮಾಡುವುದಕ್ಕೆ ಏನೂ ಇಲ್ಲದಿದ್ದರೆ ಯೋಚಿಸುವುದರಿಂದ ಫಲವೂ ಇಲ್ಲವೆಂದು ತರ್ಕ ಹೇಳುತ್ತದೆ. ಆದರೆ ಸಂದೇಹ ತರ್ಕಕ್ಕೆ ಕಿವಿಗೊಡಲಿಲ್ಲ. ಸ್ನಾನ ಮಾಡುವಾಗ, ಊಟದ ನಡುವೆ, ಮಗಳಿಗೆ ಕಥೆ ಹೇಳುವಾಗ, ನಡುರಾತ್ರಿ ಎಚ್ಚರವಾದಾಗ ಅದೇ ಮೇಜು, ಅದೇ ಲೇಖನಿ, ಅದೇ ಸಾಲು ಮತ್ತೆ ಮತ್ತೆ ಕಣ್ಣಮುಂದೆ ಬಂದುವು. ಪರೀಕ್ಷೆ ಬರೆದು ಮನೆಗೆ ಬಂದು, ನಾಲ್ಕನೆಯ ಪ್ರಶ್ನೆಯ ಉತ್ತರದಲ್ಲಿ ಏಕಮಾನ ಬರೆದೆನೋ ಇಲ್ಲವೋ ಎಂದು ಬೇಸಗೆಯಿಡೀ ಕೊರಗಿದ ವಿದ್ಯಾರ್ಥಿಗಳಿಗೆ ಈ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕಾಲೇಜಿನಲ್ಲಿ ಹತ್ತು ಕೆಲಸಗಳ ನಡುವೆ ಇರುವಾಗ ಇಂಥ ಸಂದೇಹಗಳು ಬಂದರೂ ನಿಲ್ಲುವುದಿಲ್ಲ. ಬಿಡುವಾದಾಗಲೇ ಅವು ಮುತ್ತುತ್ತವೆ. ಇದಕ್ಕೆ ಕಾರಣವುಂಟು. ಕೈಯಲ್ಲಿ ಕೆಲಸವಿಲ್ಲದಾಗ ಮೆದುಳೂ ಸುಮ್ಮನಿರುತ್ತದೆಂಬುದು ನಮ್ಮ ಸಾಮಾನ್ಯ ಕಲ್ಪನೆ. ಅದು ಸರಿಯಲ್ಲ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟೇ ಇರುವ ಮೆದುಳು, ನಾವು ಸುಮ್ಮನೆ ಮಲಗಿರುವಾಗಲೂ ದೇಹ ವ್ಯಯಿಸುವ ಶಕ್ತಿಯ ಐದನೆಯ ಒಂದು ಭಾಗವನ್ನು ತಾನೇ ಬಳಸುತ್ತದೆ. ಕಷ್ಟದ ಲೆಕ್ಕವನ್ನು ಕೊಟ್ಟರೆ ಆ ವೆಚ್ಚ ಹೆಚ್ಚುವುದು ಅತ್ಯಲ್ಪ. 2001ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಾರ್ಕಸ್ ರೈಕಲ್ ಮತ್ತು ಅವರ ಸಂಗಡಿಗರು, ಹೊರಗಿನ ಕೆಲಸವನ್ನು ಬಿಟ್ಟೊಡನೆಯೇ ಚುರುಕಾಗುವ ಕೆಲವು ಭಾಗಗಳು ಮೆದುಳಿನಲ್ಲಿವೆಯೆಂದು ತೋರಿಸಿದರು. ನೆನ್ನೆಯದನ್ನು ನೆನೆಯುವುದು, ನಾಳೆಯದನ್ನು ಕಲ್ಪಿಸುವುದು, ತನ್ನನ್ನು ಕುರಿತು ತಾನೇ ಆಲೋಚಿಸುವುದು, ಇವುಗಳಿಗೂ ಆ ಭಾಗಗಳಿಗೂ ನಿಕಟವಾದ ಸಂಬಂಧವಿದೆ. ಹೀಗಿರುವಲ್ಲಿ ರಜೆಯೆಂದರೆ ಮೆದುಳಿಗೆ ಬಿಡುವಲ್ಲ. ಹೊರಗಿನ ಕೆಲಸ ನಿಂತು ಒಳಗಿನ ಕೆಲಸಕ್ಕೆ ಹೊತ್ತು ಸಿಕ್ಕಿದಂತೆ.

ಆದರೆ ಹಿಂದಿನದು ಮುಂದಿನದು ಎಷ್ಟೋ ಇರುವಾಗ ಆ ಒಂದು ಸಾಲೇ ಏಕೆ ಮರಳಿ ಬರಬೇಕು? ಈ ಪ್ರಶ್ನೆಗೆ ಹಳೆಯದೂ ಪ್ರಸಿದ್ಧವೂ ಆದ ಒಂದು ಉತ್ತರವಿದೆ. ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರ ಬಳಿ ಕೆಲಸ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬಾಕೆ 1927ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಆಕೆ ಪ್ರತಿಯೊಬ್ಬರಿಗೂ ಇಪ್ಪತ್ತರ ಆಸುಪಾಸಿನಷ್ಟು ಸಣ್ಣ ಕೆಲಸಗಳನ್ನು ಕೊಟ್ಟರು: ಜೇಡಿಯಲ್ಲಿ ಗೊಂಬೆ ಮಾಡುವುದು, ಮಣಿ ಪೋಣಿಸುವುದು, ಒಗಟು ಬಿಡಿಸುವುದು ಮುಂತಾದುವು. ಅರ್ಧದಷ್ಟನ್ನು ಮುಗಿಸಗೊಟ್ಟು, ಉಳಿದವನ್ನು ನಡುವೆಯೇ ತಡೆದರು. ಆಮೇಲೆ ಏನೇನು ಮಾಡಿದಿರೆಂದು ಕೇಳಿದಾಗ, ಮುಗಿಯದ ಕೆಲಸಗಳು ಮುಗಿದವುಗಳಿಗಿಂತ ಹೆಚ್ಚುಕಡಮೆ ಎರಡು ಪಾಲು ನೆನಪಿಗೆ ಬಂದುವು. ತೊಡಗಿದ ಕೆಲಸ ಮನಸ್ಸಿನಲ್ಲಿ ಒಂದು ಬಿಗಿತವನ್ನುಂಟುಮಾಡುತ್ತದೆ, ಕೆಲಸ ಮುಗಿದಾಗ ಆ ಬಿಗಿತ ಸಡಿಲುತ್ತದೆ ಎಂಬುದು ಲೆವಿನ್ನರ ವಾದ.

ಪಠ್ಯಪುಸ್ತಕಗಳು ಬಹುಕಾಲ ಇದನ್ನು ಸಿದ್ಧಾಂತದಂತೆ ಬರೆದುವು. ಆದರೆ ಬೇರೆಡೆಗಳಲ್ಲಿ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅದೇ ಫಲ ಸಿಕ್ಕಲಿಲ್ಲ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಮುಗಿಯದ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆಂಬುದಕ್ಕೆ ಸಾರ್ವತ್ರಿಕವಾದ ಆಧಾರ ಕಾಣಬರಲಿಲ್ಲ. ಅದೇ ಪ್ರಯೋಗಶಾಲೆಯ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ಕಂಡ ಇನ್ನೊಂದು ಸಂಗತಿಯಾದರೋ ಗಟ್ಟಿಯಾಗಿ ನಿಂತಿತು. ನಡುವೆ ತಡೆಯಲ್ಪಟ್ಟ ಜನರನ್ನು ಅವರ ಪಾಡಿಗೆ ಬಿಟ್ಟರೆ, ಯಾರೂ ಹೇಳದಿದ್ದರೂ, ಲಾಭವೇನೂ ಇಲ್ಲದಿದ್ದರೂ, ಅವರು ಬಿಟ್ಟ ಕೆಲಸಕ್ಕೇ ಮರಳಿ ಕೈಹಾಕುತ್ತಾರೆ. ನೆನಪು ಬಲವಾಗುವುದಕ್ಕಿಂತ ಮರಳಿ ತೊಡಗುವ ಸೆಳೆತ ಉಳಿಯುತ್ತದೆಂಬುದೇ ಸತ್ಯಕ್ಕೆ ಹೆಚ್ಚು ಸಮೀಪ. ನಮ್ಮ ಮನಸ್ಸೂ ಆ ಸಾಲನ್ನು ಬರೆದು ಮುಗಿಸಲೆಂದೇ ಮತ್ತೆ ಮತ್ತೆ ಕಾಲೇಜಿಗೆ ಹೋಗುತ್ತಿತ್ತು. ಕೈಗೆ ಸಿಕ್ಕುವ ಕಾಗದ ಅಲ್ಲಿರಲಿಲ್ಲ, ಅಷ್ಟೆ.

ಎರಡನೆಯ ದಿನ ನಾವು ಬಲಾತ್ಕಾರವನ್ನು ಪ್ರಯೋಗಿಸಿ ನೋಡಿದೆವು. ಇನ್ನು ಅದನ್ನು ಯೋಚಿಸುವುದೇ ಇಲ್ಲವೆಂದು ನಿಶ್ಚಯಿಸಿದೆವು. ಇದರ ಫಲವೇನೆಂಬುದನ್ನು ಡೇನಿಯಲ್ ವೆಗ್ನರ್ ಎಂಬುವರು 1987ರಲ್ಲಿಯೇ ತೋರಿಸಿದ್ದರು. ಅವರು ಅಮೆರಿಕದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಐದು ನಿಮಿಷ ಮನಸ್ಸಿಗೆ ಬಂದುದನ್ನೆಲ್ಲ ಬಾಯಿಬಿಟ್ಟು ಹೇಳಿ, ಆದರೆ ಬಿಳಿಯ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ನಿಮಿಷಕ್ಕೊಮ್ಮೆಗಿಂತ ಹೆಚ್ಚಾಗಿಯೇ ಬಾರಿಸಿತು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಆಮೇಲೆ ಇನ್ನು ನೆನೆಯಬಹುದು ಎಂದು ಅನುಮತಿ ಕೊಟ್ಟಾಗ, ಮೊದಲಿನಿಂದಲೂ ಸ್ವತಂತ್ರವಾಗಿ ನೆನೆದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಬಂತು. ಒಂದು ಆಲೋಚನೆಯನ್ನು ತಡೆಯಬೇಕಾದರೆ, ಅದು ಬಂತೋ ಎಂದು ಮನಸ್ಸಿನ ಒಂದು ಮೂಲೆ ಕಾಯುತ್ತಿರಬೇಕು. ಹಾಗೆ ಕಾಯುವುದೇ ಅದನ್ನು ನೆನೆಯುವುದು.

ಬಲಾತ್ಕಾರ ವ್ಯರ್ಥವಾದ ಮೇಲೆ ಇದಿರು ದಾರಿ ಹಿಡಿದೆವು. ಆದುದನ್ನೆಲ್ಲ ಕೂಲಂಕಷವಾಗಿ ನೆನೆದು ಒಮ್ಮೆಗೇ ತೀರ್ಮಾನಿಸಿಬಿಡೋಣವೆಂದು ಕಣ್ಣುಮುಚ್ಚಿ ಕುಳಿತೆವು. ಬಹುಮಂದಿ ಮಾಡುವುದು ಇದನ್ನೇ. ಎಲ್ಲಕ್ಕಿಂತ ಹೆಚ್ಚು ಕೆಡುಕಾಗುವುದೂ ಇದರಿಂದಲೇ ಎಂಬುದು ನಮ್ಮ ಅಭಿಪ್ರಾಯ. ಮೊದಲ ಸಲ ನೆನೆದಾಗ 21 ಎಂದೇ ಬರೆದಂತೆ ಕಂಡಿತು. ಹತ್ತನೆಯ ಸಲ ಎರಡೂ ಸಂಖ್ಯೆಗಳು ಒಂದೇ ಸಮನಾಗಿ ಕಂಡುವು. ಆಮೇಲೆ ನಮ್ಮ ಲೇಖನಿ ಮೊದಲು 1 ಬರೆದು ನಂತರ 2 ಬರೆಯುವುದು ಚಲನಚಿತ್ರದಂತೆ ನಿಚ್ಚಳವಾಗಿ ಕಾಣತೊಡಗಿತು. ಯಾವುದು ನೆನಪು, ಯಾವುದು ಭಯ ಬರೆದ ಚಿತ್ರ ಎಂದು ಹೇಳುವುದು ಅಸಾಧ್ಯವಾಯಿತು.

ಇದಕ್ಕೆ ನಿದರ್ಶನವಾಗಿ ಹಾಲೆಂಡಿನ ಇಬ್ಬರು ವಿಜ್ಞಾನಿಗಳು, ವಾನ್ ಡೆನ್ ಹೌಟ್ ಮತ್ತು ಕಿಂಟ್, 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಬಹುದು. ಗಣಕಯಂತ್ರದ ಪರದೆಯ ಮೇಲೆ ಒಂದು ಅನಿಲದ ಒಲೆ. ಅದರ ಉರಿಗಳನ್ನು ಹಚ್ಚಿ, ಆರಿಸಿ, ಆರಿತೇ ಎಂದು ಪರೀಕ್ಷಿಸಬೇಕು. ಒಂದು ಗುಂಪಿನವರು ಒಲೆಯನ್ನೇ ಇಪ್ಪತ್ತು ಸಲ ಪರೀಕ್ಷಿಸಿದರು. ಇನ್ನೊಂದು ಗುಂಪಿನವರು ನಡುವೆ ಒಲೆಯನ್ನು ಬಿಟ್ಟು ದೀಪಗಳನ್ನು ಪರೀಕ್ಷಿಸಿದರು. ಕೊನೆಗೆ ಇಬ್ಬರೂ ಒಮ್ಮೆ ಒಲೆಯನ್ನು ನೋಡಿದ ಮೇಲೆ, ಈಗ ಆರಿಸಿದುದು ಯಾವ ಯಾವ ಉರಿಯೆಂದು ಕೇಳಲಾಯಿತು. ಎರಡು ಗುಂಪಿನವರೂ ಸರಿಯುತ್ತರವನ್ನು ಒಂದೇ ಪ್ರಮಾಣದಲ್ಲಿ ಕೊಟ್ಟರು. ಆದರೆ ಒಲೆಯನ್ನು ಪದೇ ಪದೇ ಪರೀಕ್ಷಿಸಿದವರ ನೆನಪು ಮಸುಕಾಗಿತ್ತು, ವಿವರಗಳು ಅಳಿಸಿದ್ದುವು, ತಮ್ಮ ನೆನಪಿನ ಮೇಲೆ ಅವರಿಗೇ ನಂಬಿಕೆ ಕುಂದಿತ್ತು. ಇಪ್ಪತ್ತು ಸಲದ ನೋಟಗಳು ಒಂದರ ಮೇಲೊಂದು ಬಿದ್ದು ಯಾವುದು ಯಾವಾಗಿನದೆಂಬ ಗುರುತು ಅಳಿಯುತ್ತದೆಂದು ಇದನ್ನು ಅರ್ಥಮಾಡಿಕೊಳ್ಳಬಹುದು. 2010ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ರಾಡೊಮ್ಸ್ಕಿ ಮತ್ತು ಅಲ್ಕೊಲಾಡೊ ಎಂಬುವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೈಯಿಂದ ಮುಟ್ಟದೆ ಮನಸ್ಸಿನಲ್ಲಿಯೇ ಒಲೆಯನ್ನು ಪರೀಕ್ಷಿಸುತ್ತ ಹೋದರೂ ನೆನಪಿನ ಮೇಲಿನ ನಂಬಿಕೆ ಹಾಗೆಯೇ ಕುಂದುತ್ತದೆಂದು ಅವರು ಕಂಡರು.

ನಿಶ್ಚಯಕ್ಕಾಗಿ ನೆನೆಯುತ್ತೇವೆ, ನೆನೆದಷ್ಟೂ ಅನಿಶ್ಚಯ ಬೆಳೆಯುತ್ತದೆ, ಅನಿಶ್ಚಯ ಬೆಳೆದುದರಿಂದ ಮತ್ತೆ ನೆನೆಯುತ್ತೇವೆ. ನಾವು ಆ ಹೊತ್ತು ಕುಳಿತಿದ್ದ ಜಗುಲಿಯ ತೊಲೆಗೆ ಮಗಳಿಗಾಗಿ ಒಂದು ಜೋಕಾಲಿ ಕಟ್ಟಿತ್ತು. ಒಮ್ಮೆ ತಳ್ಳಿ ಬಿಟ್ಟರೆ ಗಾಳಿಯ ಮತ್ತು ಹಗ್ಗದ ಘರ್ಷಣೆಯಿಂದ ಅದರ ವಿಸ್ತಾರ ಕ್ರಮೇಣ ಕುಗ್ಗಿ, ಜೋಕಾಲಿ ತಾನೇ ನಿಲ್ಲುತ್ತದೆ. ಹಿಂದಕ್ಕೆ ಬಂದಾಗಲೆಲ್ಲ ಬೆರಳಿನಿಂದ ಕಿರಿದಾಗಿ ನೂಕುತ್ತಿದ್ದರೆ ಸಂಜೆಯವರೆಗೂ ಆಡುತ್ತಿರುತ್ತದೆ. ಬಂದ ಸಂದೇಹವನ್ನು ಪ್ರತಿಸಲವೂ ಪರೀಕ್ಷಿಸಿ ನೋಡುವುದೇ ಆ ಬೆರಳಿನ ನೂಕು. ಹೋಲಿಕೆಯನ್ನು ಇಲ್ಲಿಗೇ ಬಿಡುವುದು ಲೇಸು: ಜೋಕಾಲಿಗೆ ಗೊತ್ತಾದ ಆವರ್ತಕಾಲವಿದೆ, ಚಿಂತೆಗೆ ಅಂಥದಿಲ್ಲ.

ಸಮಾಧಾನದ ಮಾತನ್ನು ಬೇರೆಯವರಿಂದ ಪಡೆಯುವುದೂ ಒಂದು ಬಗೆಯ ಪರೀಕ್ಷೆಯೇ. ಮೂರನೆಯ ದಿನ ಗುಡ್ಡದ ಮೇಲೆ ಹತ್ತಿ, ಮೊಬೈಲಿಗೆ ಸಂಪರ್ಕ ಸಿಕ್ಕಿದ ಕಡೆ ನಿಂತು ನಮ್ಮ ಸಹೋದ್ಯೋಗಿಯೊಬ್ಬರನ್ನು ಕೇಳಿದೆವು. "ಸರಿಯಾಗಿಯೇ ಇತ್ತು ಅಂತ ಕಾಣುತ್ತೆ ಸಾರ್, ನೀವು ಆರಾಮಾಗಿ ಇರಿ" ಎಂದರು. ಗುಡ್ಡ ಇಳಿಯುವವರೆಗೆ ಹಾಯಾಗಿತ್ತು. ಮನೆ ಮುಟ್ಟುವಷ್ಟರಲ್ಲಿ "ಅಂತ ಕಾಣುತ್ತೆ" ಎಂದದ್ದು ಏತಕ್ಕೆ ಎಂಬುದೇ ಹೊಸ ಚಿಂತೆಯಾಯಿತು. ಅಂದು ಬೆಳಗಿನಿಂದ, ವಿಜ್ಞಾನದವರ ಚಟದಂತೆ, ಆ ಆಲೋಚನೆ ಬಂದಾಗಲೆಲ್ಲ ಕಿರುಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಿದ್ದೆವು. ರಾತ್ರಿ ಎಣಿಸಿದಾಗ 31 ಗೀಟುಗಳಿದ್ದುವು.

ನಮ್ಮ ಮಾವನವರಿಗೆ ಆ ವಾರ ಇದಕ್ಕಿಂತ ದೊಡ್ಡ ಚಿಂತೆಯಿತ್ತು. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ರಂದೇ ಬಂದಿತು. ಅಡಕೆಯ ಗೊನೆಗಳಿಗೆ ಕೊಳೆರೋಗ ತಗುಲದಂತೆ ಮಳೆಗೆ ಮುಂಚೆಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸಿಂಪಡಿಸಿದುದು ಗೊನೆಯ ಮೇಲೆ ಒಣಗಲು ಹೊಳವಾದ ಹೊತ್ತು ಬೇಕು. ಅದಿನ್ನೂ ಆಗಿರಲಿಲ್ಲ, ಮಳೆ ಬಿಡುತ್ತಿರಲಿಲ್ಲ. ವರ್ಷದ ದುಡಿಮೆ ಗೊನೆಯಲ್ಲಿ ನೇತಾಡುತ್ತಿರುವಾಗ ಅವರು ರಾತ್ರಿ ಒಂಬತ್ತೂವರೆಗೆ ಮಲಗಿ ಗೊರಕೆ ಹೊಡೆಯುತ್ತಿದ್ದುದು ನಮಗೆ ಸೋಜಿಗವಾಗಿ ಕಂಡಿತು. ಅವರಿಗೆ ಒಂದು ರೂಢಿಯಿತ್ತು. ಊಟವಾದ ಮೇಲೆ ಹಳೆಯ ಲೆಕ್ಕದ ಪುಸ್ತಕದಲ್ಲಿ ನಾಲ್ಕಾರು ಸಾಲು ಬರೆಯುತ್ತಿದ್ದರು. ಅಂದು ಬರೆದುದನ್ನು ಕೇಳಿ ನೋಡಿದೆವು. ಬೆಳಿಗ್ಗೆ ಆರಕ್ಕೆ ಆಕಾಶ ನೋಡುವುದು. ಹೊಳವಾದರೆ ಕೊನೆಗಾರನಿಗೆ ಫೋನು. ಅವನು ಸಿಕ್ಕದಿದ್ದರೆ ಕೆಳಗಿನ ಮನೆಯವರ ಆಳು. ಮಳೆ ಹಿಡಿದೇ ಇದ್ದರೆ ಬಸಿಗಾಲುವೆ ಬಿಡಿಸುವುದು. "ಬರೆದ ಮೇಲೆ ಅದು ಪುಸ್ತಕದ ತಲೆಬೇನೆ ಮಾರಾಯ್ರೆ, ನನ್ನದಲ್ಲ" ಎಂದು ನಕ್ಕರು.

ಇದು ಹಳ್ಳಿಯ ಹಿರಿಯರ ಜಾಣ್ಮೆಯೆಂದು ಮೆಚ್ಚಿ ಬಿಟ್ಟುಬಿಡುವಂತಹುದಲ್ಲ. ಇದೇ ವಿಷಯವನ್ನು ಅಮೆರಿಕದ ಫ್ಲಾರಿಡಾದಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬುವರು ಪ್ರಯೋಗಕ್ಕೆ ಒಳಪಡಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ತಮಗೆ ಮುಖ್ಯವಾದ, ಇನ್ನೂ ಮುಗಿಯದ ಕೆಲಸಗಳನ್ನು ಕುರಿತು ವಿದ್ಯಾರ್ಥಿಗಳಿಂದ ಬರೆಯಿಸಿ, ಬಳಿಕ ಒಂದು ಕಾದಂಬರಿಯ ಕೆಲವು ಪುಟಗಳನ್ನು ಓದಲು ಕೊಟ್ಟರು. ಮುಗಿಯದ ಕೆಲಸ ಓದಿನ ನಡುವೆ ನುಗ್ಗಿತು. ಓದಿದುದೂ ಚೆನ್ನಾಗಿ ತಲೆಗೆ ಹತ್ತಲಿಲ್ಲ. ಆದರೆ ಕೆಲಸವನ್ನು ಯಾವಾಗ, ಎಲ್ಲಿ, ಹೇಗೆ ಮಾಡುವೆನೆಂಬ ನಿರ್ದಿಷ್ಟ ಯೋಜನೆಯನ್ನು ಬರೆದವರಿಗೆ ಆ ತೊಂದರೆ ಆಗಲಿಲ್ಲ. ಅವರ ಕೆಲಸವೂ ಮುಗಿದಿರಲಿಲ್ಲವೆಂಬುದನ್ನು ಗಮನಿಸಬೇಕು. ಮನಸ್ಸಿನ ಸೆಳೆತ ಸಡಿಲಲು ಕೆಲಸ ಮುಗಿಯಲೇಬೇಕೆಂದಿಲ್ಲ, ಮುಗಿಸುವ ದಾರಿ ಗೊತ್ತಾದರೆ ಸಾಕೆಂದು ಇದರಿಂದ ತೋರುತ್ತದೆ. 2018ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಟೆಕ್ಸಸ್ಸಿನ ಬೇಲರ್ ವಿಶ್ವವಿದ್ಯಾನಿಲಯದ್ದು. ಅಲ್ಲಿ 57 ಮಂದಿ ತರುಣ ತರುಣಿಯರು ಮಲಗುವ ಮುನ್ನ ಐದು ನಿಮಿಷ ಬರೆದರು. ಅರ್ಧ ಮಂದಿ ಮುಂದೆ ಮಾಡಬೇಕಾದುದನ್ನು, ಅರ್ಧ ಮಂದಿ ಈಗಾಗಲೇ ಮಾಡಿ ಮುಗಿಸಿದುದನ್ನು. ಮೊದಲನೆಯವರಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ರೆ ಬಂತು. ವಿವರವಾಗಿ ಬರೆದವರಿಗೆ ಇನ್ನೂ ಬೇಗ.

ನಾಲ್ಕನೆಯ ರಾತ್ರಿ ನಾವೂ ಒಂದು ಹಾಳೆ ತೆಗೆದುಕೊಂಡೆವು. ಮೊದಲು ಬರೆದುದು "ಕಾಲೇಜಿಗೆ ಹೋದ ಮೇಲೆ ಅಂಕಪಟ್ಟಿ ನೋಡಬೇಕು" ಎಂದು. ಇದು ಯೋಜನೆಯಲ್ಲ, ಅದೇ ಚಿಂತೆಯ ಇನ್ನೊಂದು ಪ್ರತಿ. ಓದಿದೊಡನೆ ಮನಸ್ಸು ಕೇಳಿತು: ಯಾವಾಗ? ಬೀಗದ ಕೈ ಇಲ್ಲದಿದ್ದರೆ? ತಪ್ಪಾಗಿದ್ದರೆ? ಬರೆದ ಮೇಲೂ ಇಂಥ ಪ್ರಶ್ನೆಗಳು ಏಳುತ್ತಿದ್ದರೆ ಯೋಜನೆ ಇನ್ನೂ ಅರೆಯಾಗಿದೆಯೆಂದು ತಿಳಿಯಬೇಕು. ಅದನ್ನು ಹೊಡೆದುಹಾಕಿ ಹೀಗೆ ಬರೆದೆವು: ಜೂನ್ 2, ಸೋಮವಾರ, ಬೆಳಿಗ್ಗೆ 10 ಗಂಟೆಗೆ ಮುಖ್ಯಸ್ಥರಿಂದ ಬೀರುವಿನ ಬೀಗದ ಕೈ ಪಡೆದು 43ನೆಯ ಸಾಲನ್ನು ನೋಡುವುದು. 21 ಎಂದಿದ್ದರೆ ವಿಷಯ ಮುಗಿಯಿತು. 12 ಎಂದಿದ್ದರೆ, ಪ್ರಯೋಗಕ್ಕೆ ಮತ್ತು ಮೌಖಿಕ ಪರೀಕ್ಷೆಗೆ ಬಿಡಿಬಿಡಿಯಾಗಿ ಕೊಟ್ಟ ಅಂಕಗಳ ಹಾಳೆಯನ್ನು ಲಗತ್ತಿಸಿ, ಅಂದೇ ಮಧ್ಯಾಹ್ನ ಪ್ರಾಂಶುಪಾಲರ ಮೂಲಕ ಪರೀಕ್ಷಾ ವಿಭಾಗಕ್ಕೆ ತಿದ್ದುಪಡಿಯ ಪತ್ರ. ಮುಖ್ಯಸ್ಥರು ಬಂದಿಲ್ಲದಿದ್ದರೆ ಬದಲಿ ಬೀಗದ ಕೈ ಕಚೇರಿಯ ಗುಮಾಸ್ತರ ಬಳಿ ಇದೆ. ಪತ್ರದ ಒಕ್ಕಣೆಯನ್ನೂ ಬರೆದಿಟ್ಟೆವು. ಬರೆಯುತ್ತಿರುವಾಗಲೇ ಒಂದು ಹೊಸ ಸಂಗತಿ ಹೊಳೆಯಿತು: ಫಲಿತಾಂಶಕ್ಕೆ ಇನ್ನೂ ವಾರಗಳಿವೆ, ತಪ್ಪಾಗಿದ್ದರೂ ಹುಡುಗನಿಗೆ ಕೆಡುಕಾಗುವುದಕ್ಕೆ ಮುಂಚೆಯೇ ಅದು ತಿದ್ದಬರುತ್ತದೆ. ನಾಲ್ಕು ದಿನ ಹಿಂದಿನದನ್ನೇ ತಿರುಗಿ ತಿರುಗಿ ನೋಡಿದವರಿಗೆ ಮುಂದಿನದು ಇಷ್ಟು ಸರಳವೆಂದು ಕಂಡೇ ಇರಲಿಲ್ಲ.

ಆಲೋಚನೆ ಮರುದಿನವೂ ಬಂತು. ಬಂದಾಗ ತಡೆಯಲೂ ಇಲ್ಲ, ಪರೀಕ್ಷಿಸಲೂ ಇಲ್ಲ; "ಸೋಮವಾರ ಹತ್ತಕ್ಕೆ" ಎಂದುಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳಿದೆವು. ಅಂದಿನ ಗೀಟುಗಳು 9, ಅದರ ಮರುದಿನ 4. ಇದರಿಂದ ಏನೂ ಸಿದ್ಧವಾಗುವುದಿಲ್ಲವೆಂದು ನಮ್ಮ ವಿದ್ಯಾರ್ಥಿಗಳೇ ಹೇಳಿಯಾರು. ಒಬ್ಬನೇ ಮನುಷ್ಯ, ಹೋಲಿಸಲು ಇನ್ನೊಬ್ಬನಿಲ್ಲ. ಮೇಲಾಗಿ ಅಂದು ಮಳೆ ಹೊಳವಾಗಿ ತೋಟದಲ್ಲಿ ಸುಣ್ಣ ಕಲಸಲು ನಾವೂ ನಿಂತಿದ್ದೆವು. ಕೈಗೆ ಕೆಲಸ ಬಂದುದರಿಂದಲೇ ಮನಸ್ಸು ಸುಮ್ಮನಾಗಿರಬಹುದು.

ಈ ಉಪಾಯದ ಮಿತಿಯನ್ನೂ ಹೇಳಬೇಕು. ಮುಂದೆ ಮಾಡಬಹುದಾದುದು ಏನಾದರೂ ಇದ್ದಾಗ ಮಾತ್ರ ಯೋಜನೆಗೆ ಅರ್ಥ. ಆಗಿಹೋದ ಅವಮಾನ, ಇನ್ನೊಬ್ಬರ ಕೈಯಲ್ಲಿರುವ ನಿರ್ಧಾರ, ಮುಗಿದ ಪರೀಕ್ಷೆಯ ಉತ್ತರಪತ್ರಿಕೆ, ಇವುಗಳಿಗೆ ಹಾಳೆಯಲ್ಲಿ ಬರೆಯುವಂಥ ಹೆಜ್ಜೆಯೇ ಇಲ್ಲ. ಅಲ್ಲಿ ಬರೆಯಹೊರಟರೆ ಅದೂ ಮತ್ತೊಂದು ಪರೀಕ್ಷೆಯಾಗಿ ಜೋಕಾಲಿಯನ್ನು ನೂಕುತ್ತದೆ. ಮಾಡುವ ಮನಸ್ಸಿಲ್ಲದೆ ಬರೆದ ಯೋಜನೆಯಿಂದಲೂ ಪ್ರಯೋಜನವಿಲ್ಲ. ಚಿಂತೆ ವಾರಗಟ್ಟಲೆ ಹಿಡಿದು ನಿದ್ರೆಯನ್ನೂ ಊಟವನ್ನೂ ಕೆಡಿಸಿದರೆ, ಅಥವಾ ಬಾಗಿಲು, ಒಲೆ, ಬರಹ ಎಲ್ಲವನ್ನೂ ನೋಡಿದ್ದನ್ನೇ ನೋಡುವ ಒತ್ತಾಯ ಹುಟ್ಟಿದರೆ, ಅದು ವೈದ್ಯರಿಗೆ ತೋರಿಸಬೇಕಾದ ಸಂಗತಿ. ಅದಕ್ಕೆ ಒಳ್ಳೆಯ ಚಿಕಿತ್ಸೆಗಳಿವೆ.

ಜೂನ್ 2ರ ಬೆಳಿಗ್ಗೆ ಮುಖ್ಯಸ್ಥರು ಬಂದಿದ್ದರು. ಬೀರು ತೆರೆದು ಪಟ್ಟಿಯನ್ನು ತೆಗೆದೆವು. 43ನೆಯ ಸಂಖ್ಯೆಯ ಇದಿರಿಗೆ 21 ಎಂದಿತ್ತು. ನಮ್ಮನ್ನು ಬೆರಗುಗೊಳಿಸಿದುದು ಅದಲ್ಲ. ಆ ಪುಟದಲ್ಲಿದ್ದುದು ನಮ್ಮ ಕೈಬರಹವೇ ಆಗಿರಲಿಲ್ಲ. 31ರಿಂದ 50ರವರೆಗಿನ ಸಾಲುಗಳನ್ನು ನಾವು ಓದಿ ಹೇಳಿದ್ದೆವು, ಬರೆದವರು ಹೊರಗಿನಿಂದ ಬಂದಿದ್ದ ಪರೀಕ್ಷಕರು. ನಾಲ್ಕು ದಿನ ನಿಚ್ಚಳವಾಗಿ ಕಂಡ ಆ ಲೇಖನಿ ಅಂದು ನಮ್ಮ ಕೈಯಲ್ಲಿ ಇರಲೇ ಇಲ್ಲ.